ಹತ್ತು ದಿನ ಸಂಬಳವಿಲ್ಲದ ರಜೆ: ಪಿಎಫ್ 15,000ಕ್ಕೋ 10,000ಕ್ಕೋ?

ಸುಮಾ: ಬೇಸಿಕ್ 24,000. 30 ದಿನದ ತಿಂಗಳಲ್ಲಿ 10 ದಿನ ಲಾಸ್ ಆಫ್ ಪೇ. ನಮ್ಮಲ್ಲಿ 15,000 ಮಿತಿಗೇ ಪಿಎಫ್ ಕಟ್ಟೋದು. ಸಾಫ್ಟ್‌ವೇರ್ 1,200 ಹಿಡಿದಿದೆ. ಸರಿನಾ ಮೇಡಂ?

ಶಾರದಾ (ಪಿಎಫ್ ಸಲಹೆಗಾರರು): ತಪ್ಪು. ನಿಮ್ಮ ಸಾಫ್ಟ್‌ವೇರ್ ಮೊದಲು ಮಿತಿ ಹಾಕಿ, ಆಮೇಲೆ ಅದನ್ನೇ ದಿನಕ್ಕೆ ಭಾಗಿಸಿದೆ. 15,000ದಲ್ಲಿ 20 ದಿನದ ಪಾಲು 10,000, ಅದರ 12% ಅಂದರೆ 1,200. ಲೆಕ್ಕ ತಿರುಗಿಸಿ. ಮೊದಲು ದುಡಿದ ಬೇಸಿಕ್ ನೋಡಿ: 24,000ದಲ್ಲಿ 20 ದಿನಕ್ಕೆ 16,000. ಮಿತಿ ದಾಟಿತು, ಹಾಗಾಗಿ ಪಿಎಫ್ ವೇತನ 15,000.

ಉದ್ಯೋಗಿಯಿಂದ 1,800. ಕಂಪನಿಯ 1,800ರಲ್ಲಿ 1,250 ಪಿಂಚಣಿಗೆ, ಉಳಿದ 550 ಪಿಎಫ್‌ಗೆ. ಈಗ ಪಿಂಚಣಿಗೆ 833, ಪಿಎಫ್‌ಗೆ 367 ಮಾತ್ರ ಹೋಗಿರುತ್ತೆ. ಉದ್ಯೋಗಿ, ಕಂಪನಿ ಎರಡೂ ಕಡೆ 600 ಕೊರತೆ. ತಿಂಗಳ ಪಿಎಫ್ ರಿಟರ್ನ್ ಆದ ಇಸಿಆರ್‌ನಲ್ಲಿ ಎನ್‌ಸಿಪಿ ಅಂದರೆ ಸಂಬಳವಿಲ್ಲದ ದಿನ 10, ಇಪಿಎಫ್ ವೇತನ ಸರಿಯಾಗಿ 10,000 ಅಂತ ಕಂಡರೆ ಇದೇ ರೋಗ.

ನಾಗರಾಜ್: ಮೇಡಂ, ದಿನ ಕಡಿಮೆಯಾದ್ರೆ ಮಿತಿನೂ ಕಡಿಮೆ ಆಗ್ಬೇಕಲ್ವಾ? ನಮ್ಮಲ್ಲಿ ಹಾಗೇ ಹಾಕೋದು, ಯಾರೂ ಕೇಳಿಲ್ಲ.

ಶಾರದಾ: ಯಾರೂ ಕೇಳದಿದ್ದ ಮಾತ್ರಕ್ಕೆ ಸರಿಯಾಗಲ್ಲ. ಯೋಜನೆಯ 26ಎ ಪ್ಯಾರಾದಲ್ಲಿ ಮಿತಿ ಇರೋದು ತಿಂಗಳಿಗೆ, ದಿನಕ್ಕಲ್ಲ. ಬೇಸಿಕ್ 18,000 ಇದ್ದಿದ್ದರೆ ದುಡಿದದ್ದು 12,000, ಪಿಎಫ್ 1,440. ಅಲ್ಲಿ ಮಿತಿಯ ಮಾತೇ ಇಲ್ಲ.

ಮಂಜುನಾಥ: ನನ್ನ ಪಾಸ್‌ಬುಕ್‌ನಲ್ಲಿ ಪಿಂಚಣಿ ಸೊನ್ನೆ. 2019ರಲ್ಲಿ ಸೇರಿದ್ದು, ಬೇಸಿಕ್ 40,000, ಅದಕ್ಕೂ ಮೊದಲು ಪಿಎಫ್ ಇರಲಿಲ್ಲ. ಕಂಪನಿ ನುಂಗಿದೆಯಾ?

ಶಾರದಾ: ಇಲ್ಲ. 2014ರ ಸೆಪ್ಟೆಂಬರ್ 1ರ ನಂತರ 15,000ಕ್ಕಿಂತ ಹೆಚ್ಚಿನ ವೇತನಕ್ಕೆ ಹೊಸದಾಗಿ ಸದಸ್ಯರಾದವರಿಗೆ ಪಿಂಚಣಿ ಪಾಲಿಲ್ಲ. ಕಂಪನಿಯ 12% ಪೂರ್ತಿ ಪಿಎಫ್‌ಗೇ ಬರಬೇಕು. ಅದನ್ನು ನೋಡಿಕೊಳ್ಳಿ.

ರವಿ: ಈ ಫಾರ್ವರ್ಡ್ ನೋಡಿ: ಬೇಸಿಕ್ ಇಳಿಸಿ ಎಲ್ಲರಿಗೂ 'ವಿಶೇಷ ಭತ್ಯೆ' ಕೊಟ್ರೆ ಪಿಎಫ್ ಉಳಿಯುತ್ತಂತೆ.

ಶಾರದಾ: ಕಳಿಸಿದವರೇ ನೋಟಿಸ್‌ಗೂ ಉತ್ತರ ಕೊಡ್ತಾರಾ? ಎಲ್ಲರಿಗೂ ಒಂದೇ ರೀತಿ ಸಿಗುವ ಭತ್ಯೆ ಬೇಸಿಕ್‌ಗೇ ಸೇರುತ್ತೆ ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ನಾಗರಾಜ್: ನಮ್ಮ ಆಡಿಟರ್ ಒಪ್ಪಲ್ಲ ಬಿಡಿ.

ಸುಮಾ: ಆಡಿಟರ್ ವಿಷಯ ಬಿಡಿ ಸರ್, ನನ್ನ ಪ್ರಶ್ನೆ ಇದೆ. ಕೊರತೆಯ 600 ಉದ್ಯೋಗಿಯಿಂದ ಮುಂದಿನ ತಿಂಗಳು ಹಿಡೀಬಹುದಾ?

ಶಾರದಾ: ಆ ತಿಂಗಳ ಸಂಬಳದಲ್ಲಿ ಹಿಡಿಯದೆ ಬಿಟ್ಟ ಪಾಲನ್ನು ಆಮೇಲೆ ಹಿಡಿಯುವಂತಿಲ್ಲ. ಆಕಸ್ಮಿಕ ತಪ್ಪು ಅಥವಾ ಬರವಣಿಗೆಯ ತಪ್ಪಾಗಿದ್ದರೆ ಮಾತ್ರ ಅವಕಾಶ. ಪ್ರತಿ ತಿಂಗಳೂ ಹೀಗೇ ಓಡಿಸುತ್ತಿದ್ದ ಸಾಫ್ಟ್‌ವೇರ್‌ನ್ನು 'ಆಕಸ್ಮಿಕ' ಅಂತ ಒಪ್ಪಿಸೋದು ಕಷ್ಟ. ತಡವಾದದ್ದಕ್ಕೆ ವರ್ಷಕ್ಕೆ 12% ಬಡ್ಡಿ ಕಂಪನಿಯ ತಲೆಗೆ.

ಗೀತಾ: ಮಿತಿ 15,000 ಇದ್ರೂ ನಾನು ಪೂರ್ತಿ ಬೇಸಿಕ್‌ಗೆ ಕಟ್ಟಿದ್ರೆ ಕಂಪನಿನೂ ಅಷ್ಟೇ ಹಾಕ್ಬೇಕಾ?

ಶಾರದಾ: ಬೇಡ.

ಲೋಕೇಶ್: ನನ್ನ ಕ್ಲೈಮ್ ಎರಡು ಸಲ ರಿಜೆಕ್ಟ್ ಆಗಿದೆ, ಯಾರಾದ್ರೂ ಹೇಳಿ.

ರವಿ: ಮೇಡಂ, ಹಾಗಾದ್ರೆ 10 ದಿನ ಲಾಸ್ ಆಫ್ ಪೇಗೆ 1,200 ಅಲ್ವಾ?

ಶಾರದಾ: ಮೇಲೆ ಓದಿ.