ಸಹಾಯ ಬೇಕು: ಅಬ್‌ಸ್ಟ್ರಾಕ್ಟ್‌ನಲ್ಲಿ p = 0.03 ಅಂದರೆ ಏನು?

ನಮಸ್ಕಾರ. ರಾಯಚೂರಿನಲ್ಲಿ ಬಿಎಸ್ಸಿ ಕೃಷಿ ಓದುತ್ತಿದ್ದೇನೆ. ಮೊದಲ ಸಲ ಒಂದು ಸಂಶೋಧನಾ ಪೇಪರ್ ಹಿಡಿದೆ, ಅಬ್‌ಸ್ಟ್ರಾಕ್ಟ್‌ನಲ್ಲೇ ಸಿಕ್ಕಿಬಿದ್ದೆ. ಹೊಸ ಗೊಬ್ಬರ ಹಾಕಿದ ಭತ್ತದ ಇಳುವರಿ ಜಾಸ್ತಿ ಬಂತು, p = 0.03 ಎಂದಿದೆ.

ರೂಮ್‌ಮೇಟ್ "ಗೊಬ್ಬರ ಕೆಲಸ ಮಾಡುವ ಸಾಧ್ಯತೆ ಶೇ. 97" ಅಂತಾನೆ. ನನಗೆ ಅದು ಸರಿ ಅನಿಸುತ್ತಿಲ್ಲ. ನಾಣ್ಯದ ಲೆಕ್ಕ ಹಾಕಿ ನೋಡಿದೆ. 10 ಸಲ ಚಿಮ್ಮಿದಾಗ 9 ಸಲ ಒಂದೇ ಬದಿ ಬಿತ್ತು ಅಂದುಕೊಳ್ಳಿ. ನಾಣ್ಯದಲ್ಲಿ ಮೋಸ ಇಲ್ಲದಿದ್ದರೂ 9 ಅಥವಾ 10 ಸಲ ಒಂದೇ ಬದಿ ಬೀಳುವ ಸಾಧ್ಯತೆ 1024ರಲ್ಲಿ 22, ಅಂದರೆ ಸುಮಾರು 0.02. ಇದೇ p ಅಲ್ವಾ? ಇದು "ಮೋಸ ಇಲ್ಲ" ಅಂತ ಮೊದಲೇ ಒಪ್ಪಿಕೊಂಡು ಮಾಡಿದ ಲೆಕ್ಕ. ಮೋಸ ಇರುವ ಸಾಧ್ಯತೆ ಎಷ್ಟು ಅಂತ ಅದೇ ಲೆಕ್ಕ ಹೇಗೆ ಹೇಳುತ್ತದೆ?

ಹಾಗಾದರೆ "ಗೊಬ್ಬರದಿಂದ ಏನೂ ವ್ಯತ್ಯಾಸ ಆಗದಿದ್ದರೂ, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಅಂತರ ಸುಮ್ನೆ ಬಂದುಬಿಡುವ ಸಾಧ್ಯತೆ ಶೇ. 3" ಎಂದು ಓದಬೇಕೇ?

ಇನ್ನೊಂದು. ಎಕರೆಗೆ ಎಷ್ಟು ಹೆಚ್ಚಿತು ಅಂತ ಅಬ್‌ಸ್ಟ್ರಾಕ್ಟ್‌ನಲ್ಲಿ ಬರೆದೇ ಇಲ್ಲ! ತುಂಬಾ ಪ್ಲಾಟ್‌ಗಳಿದ್ದರೆ ಅರ್ಧ ಚೀಲದ ಅಂತರಕ್ಕೂ p ಚಿಕ್ಕದಾಗಬಹುದಲ್ವಾ? ಆ ಅಂತರವನ್ನು ಪೇಪರ್‌ನ ಒಳಗೆ ಎಲ್ಲಿ ಹುಡುಕಲಿ? ಗೊತ್ತಿದ್ದವರು ದಯವಿಟ್ಟು ಹೇಳಿ.