ಎಣ್ಣೆ ಹಾಕಿದ್ರೂ 100ರಲ್ಲಿ ಮಸುಕು: ಗುಂಡೋ, ಕೋಲೋ?

ಯಾದಗಿರಿ, ಪದವಿ ಕಾಲೇಜಿನ ಅತಿಥಿ ಉಪನ್ಯಾಸಕಿ:
ಮೊಸರಿನ ಸ್ಮಿಯರ್‌ಗೆ ಗ್ರಾಂ ಸ್ಟೇನ್ ಮಾಡಿಸಿದ್ದೆ. ಮೈಕ್ರೋಸ್ಕೋಪಿನ 40ರ ಲೆನ್ಸಿನಲ್ಲಿ ನೇರಳೆ ಚುಕ್ಕಿ ಕಾಣ್ತಾವ. 100ಕ್ಕ ಎಣ್ಣೆ ಹಾಕಿದ್ರ ದೊಡ್ಡವಾಗ್ತಾವ, ಸ್ಪಷ್ಟ ಆಗಲ್ಲ. ಅರ್ಧ ಮಕ್ಕಳು ಕೋಲು ಬರದಾರ, ಅರ್ಧ ಮಕ್ಕಳು ಗುಂಡು ಬರದಾರ. ಲೆನ್ಸ್ ಹೋಗ್ಯಾದೋ, ಎಣ್ಣೆ ಸರಿ ಇಲ್ಲೋ? ಅನುಭವ ಇದ್ದವರು ಹೇಳ್ರಿ.

ಬೀದರ್, ಲ್ಯಾಬ್ ಟೆಕ್ನಿಷಿಯನ್:
ಎಣ್ಣೆನೇ ಕಾರಣ ಮೇಡಂ. ಚಿತ್ರ ದೊಡ್ಡದು ಮಾಡೋದು ಎಣ್ಣೆ. ನಮ್ಮಲ್ಲಿ ಒಮ್ಮೆ ಎಣ್ಣೆ ತೀರಿದಾಗ ಒಬ್ಬರು ತೆಂಗಿನೆಣ್ಣೆ ಹಾಕಿದ್ರು, ಎಲ್ಲಾ ಮಂಜು ಮಂಜು. ಸರಿಯಾದ ಇಮ್ಮರ್ಶನ್ ಆಯಿಲ್ ತರಿಸ್ರಿ.

ಕಲಬುರಗಿ, ಆಸ್ಪತ್ರೆ ಲ್ಯಾಬ್:
ಸ್ಮಿಯರ್ ದಪ್ಪ ಆಗಿರಬೇಕು. ನಾವು ಕಫದಾಗ ಟಿಬಿ ನೋಡ್ತೀವಿ, ದಪ್ಪ ಆದ್ರ ಕೆಂಪು ಕಡ್ಡಿ ಬಣ್ಣದಾಗ ಮುಚ್ಚಿಹೋಗ್ತಾವ. ತೆಳ್ಳಗ ಹರವಿ, ಆಸಿಡ್ ಆಲ್ಕೋಹಾಲ್ ಸರಿಯಾಗಿ ಹಾಕಿಸ್ರಿ.

ಕಲಬುರಗಿ, ನಿವೃತ್ತ ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕ:
ತೆಳ್ಳಗ ಹರವೋದು ಖರೇ. ಆದ್ರ ಆಸಿಡ್ ಆಲ್ಕೋಹಾಲ್ ಟಿಬಿ ಸ್ಟೇನಿಂದು, ಗ್ರಾಂ ಸ್ಟೇನಿಗೆ ಬ್ಯಾಡ. ಬೀದರ್‌ನವರು ಅಂದಂಗ ಎಣ್ಣೆ ಬದಲಾದ್ರ ಚಿತ್ರ ಕೆಡತದ. ತೆಂಗಿನೆಣ್ಣೆ ಬೆಳಕನ್ನ ಬಗ್ಗಿಸೋದು 1.45, ಗಾಜು 1.52ರ ಆಸುಪಾಸು. ಆದ್ರ ಎಣ್ಣೆ ದೊಡ್ಡದು ಮಾಡಲ್ಲ. ಸ್ಲೈಡಿನಿಂದ 41 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಹೊರಟ ಬೆಳಕು ಗಾಳಿಗೆ ದಾಟಲ್ಲ, ಗಾಜಿನೊಳಗೇ ತಿರುಗ್ತದ. ನಡುವ ಗಾಜಿನಂಥದೇ ಎಣ್ಣೆ ಇದ್ರ ಅದು ಲೆನ್ಸಿಗೆ ಹೋಗಿ ಮುಟ್ಟತದ. ಲೆನ್ಸಿನ ಮೈಮ್ಯಾಲೆ 1.25 ಅಂತ ಬರದಿರ್ತದಲ್ಲ, ಅದೇ ಅದರ NA. ಸುಮಾರು 55 ಡಿಗ್ರಿ ತನಕ ಓರೆ ಬೆಳಕು ಹಿಡೀತದ ಅಂತ ಅದರ ಅರ್ಥ. ಸಣ್ಣ ವಿವರ ಹೊತ್ತು ತರೋದು ಆ ಓರೆ ಬೆಳಕೇ.

ಈಗ ಕೆಳಗಿಂದ ನೋಡ್ರಿ. ಕಂಡೆನ್ಸರ್ ಇಳಿಸಿ ಐರಿಸ್ ಮುಚ್ಚಿದ್ರ ಓರೆ ಬೆಳಕು ಬಾಳ ಕಮ್ಮಿ ಆಗತದ, ಎಣ್ಣೆ ಎಷ್ಟು ಒಳ್ಳೇದಿದ್ರೂ ಲೆನ್ಸಿಗೆ ಪೂರಾ ವಿವರ ಸಿಗಲ್ಲ. ಬೇರೆಬೇರೆಯಾಗಿ ಕಾಣೋ ಎರಡು ಚುಕ್ಕಿಗಳ ಕನಿಷ್ಠ ಅಂತರದ ಲೆಕ್ಕ ಇದು:

d = 1.22 λ / (NA ಲೆನ್ಸ್ + NA ಕಂಡೆನ್ಸರ್)

ಹಸಿರು ಬೆಳಕು 0.55 ಮೈಕ್ರಾನ್ ಅಂತ ಹಿಡೀರಿ. ಐರಿಸ್ ಮುಚ್ಚಿ ಕಂಡೆನ್ಸರ್ 0.3ಕ್ಕ ಇಳದ್ರ d 0.43 ಮೈಕ್ರಾನ್. ತೆರೆದು 0.9 ಆದ್ರ 0.31. ಜೋಡಿಯಾಗಿ ಅಂಟಿದ ಎರಡು ಗುಂಡು ಬ್ಯಾಕ್ಟೀರಿಯಾಗಳ ನಡುವಿನ ಸೊಂಟ ಇಷ್ಟೇ ಸಣ್ಣದಿರ್ತದ. ಸೊಂಟ ಮಾಯ ಆದ್ರ ಜೋಡಿನೇ ಮೋಟು ಕೋಲು ಕಂಡಂಗ ಕಾಣತದ. ನಿಮ್ಮ ಮಕ್ಕಳ ತಪ್ಪು ಇದೇ ಇರಬೇಕು. ಮೊಸರಿನಾಗ ಖರೇ ಕೋಲೂ ಇರ್ತಾವ ಅನ್ನೋದು ಬ್ಯಾರೆ ಮಾತು.

ಪರೀಕ್ಷೆ ಸರಳ. ಫೋಕಸ್ ಮಾಡಿ ಒಂದು ಐಪೀಸ್ ತೆಗೀರಿ, ಕೊಳವೆಯೊಳಗ ನೋಡ್ರಿ. ತಳದಾಗ ಬೆಳಕಿನ ದುಂಡು ತಟ್ಟೆ ಕಾಣತದ. ಅದರ ನಡುವ ಮಾತ್ರ ಸಣ್ಣ ಬಿಲ್ಲೆ ಬೆಳಗಿದ್ರ ಐರಿಸ್ ಮುಚ್ಚೇದ. ಕಂಡೆನ್ಸರ್ ಸ್ಲೈಡಿನ ಹತ್ರ ಏರಿಸಿ, ತಟ್ಟೆ ಅಗಲದಾಗ ಸುಮಾರು ಮುಕ್ಕಾಲು ತುಂಬೋತನಕ ಐರಿಸ್ ತೆರೀರಿ. ಕಣ್ಣಿಗೆ ಝಳ ಹೊಡದ್ರ ದೀಪ ಕಮ್ಮಿ ಮಾಡ್ರಿ, ಐರಿಸ್ ಮುಟ್ಟಬ್ಯಾಡ್ರಿ. ತಟ್ಟೆಯೊಳಗ ಕಪ್ಪು ಗುಳ್ಳಿ ಕಂಡ್ರ ಎಣ್ಣೆಯಾಗ ಗಾಳಿ ಸಿಕ್ಕೊಂಡದ, ಒರೆಸಿ ಮತ್ತ ಹಾಕ್ರಿ. ಬಣ್ಣ ಹಾಕದ ಈರುಳ್ಳಿ ಸಿಪ್ಪೆ ನೋಡುವಾಗ ಐರಿಸ್ ಮುಚ್ಚಿದ್ರ ಅಂಚು ಎದ್ದು ಕಾಣತಾವ. ಆ ರೂಢಿನೇ ಮಕ್ಕಳು ಇಲ್ಲಿಗೂ ತರ್ತಾರ. ಬಣ್ಣ ಹಾಕಿದ್ದಕ್ಕ ಅದು ಬ್ಯಾಡ.

ಯಾದಗಿರಿ, ಉಪನ್ಯಾಸಕಿ:
ಸರ್, ಐಪೀಸ್ ತೆಗೆದು ನೋಡಿದೆ. ತಟ್ಟೆ ನಡುವ ಶೇಂಗಾಕಾಳಿನಷ್ಟೇ ಬೆಳಕಿತ್ತು. ಕಂಡೆನ್ಸರ್ ಎರಡು ಬೆರಳು ಕೆಳಗಿಳಿದಿತ್ತು. ಏರಿಸಿ ತೆರೆದ ಮ್ಯಾಲೆ ಒಬ್ಬ ಹುಡುಗಿ "ಮೇಡಂ, ನಡುವ ಗೆರೆ ಬಂತ್ರಿ" ಅಂದ್ಳು. ನಾಲ್ಕು ಸ್ಕೋಪಿನಾಗ ಮೂರು ಸರಿ ಆದವು. ಒಂದರಾಗ ಇನ್ನೂ ಮಸುಕು, ಅದರ 40ರಾಗೂ ಮಸುಕು. ಆ ಸ್ಕೋಪಿನಾಗ ಮೊಬೈಲ್‌ನಿಂದ ಹಿಗ್ಗಿಸಿ ತೆಗೆದ್ರ ನಡುಗೆರೆ ಸಿಗಬಹುದೇನ್ರಿ?

ಕಲಬುರಗಿ, ಅಧ್ಯಾಪಕ:
ಸಿಗಲ್ಲ. ಲೆನ್ಸ್ ತರದ ವಿವರ ಹಿಗ್ಗಿಸಿದ್ರ ಬರಲ್ಲ, ಮಸುಕು ಅಷ್ಟೇ ಹಿಗ್ಗತದ. 1.25ರ ಲೆನ್ಸಿಗೆ ಒಟ್ಟು 1250 ಪಟ್ಟು ಸಾಕು. 10ರ ಐಪೀಸಿನಾಗ 1000 ಬರತದ, 15ರದ್ದು ಹಾಕಿದ್ರ ದಂಡ.

ಬೀದರ್, ಟೆಕ್ನಿಷಿಯನ್:
ದೊಡ್ಡದು ಮಾಡೋದು ಎಣ್ಣೆ ಅಂದದ್ದು ನನ್ನ ತಪ್ಪು ಸರ್. ಮೇಡಂ, ನಿಮ್ಮ 40ರ ಲೆನ್ಸ್ ಎಣ್ಣೆಯಾಗ ಎಳದಾರ. 100 ತಿರುಗಿಸಿ ಹಿಂದಕ್ಕ ಬರುವಾಗ ಹಂಗ ಆಗತದ. ಲೆನ್ಸ್ ಪೇಪರಿಗೆ ಒಂದು ಹನಿ ಕ್ಸೈಲೀನ್ ಹಾಕಿ ಒರೆಸ್ರಿ, ನೆನೆಸಬ್ಯಾಡ್ರಿ, ಒಳಗಿನ ಅಂಟು ಬಿಡತದ. ಮತ್ತ ಸರ್, ಕಂಡೆನ್ಸರ್ ಮ್ಯಾಲೂ ಎಣ್ಣೆ ಹಾಕಬೇಕಲ್ರಿ? ಗಾಳಿ ಇದ್ರ ಅದು 1 ದಾಟಲ್ಲ.

ಕಲಬುರಗಿ, ಅಧ್ಯಾಪಕ:
ಹೌದು, ಹಾಕಿದ್ರ ಲೆಕ್ಕದಾಗ d 0.27 ಮೈಕ್ರಾನ್ ತನಕ ಇಳೀತದ. ಆದ್ರ 30 ಮಕ್ಕಳ ಪ್ರಾಕ್ಟಿಕಲ್ಲಿನಾಗ ಕಂಡೆನ್ಸರ್ ತೊಳೆಯೋರು ಯಾರು? ನಾನು ಹಾಕ್ಸಿಲ್ಲ.

ಬೀದರ್, ಟೆಕ್ನಿಷಿಯನ್:
ನಾನು ಒಂದು ಸ್ಕೋಪಿಗೆ ಹಾಕಿ ನೋಡಿ ಹೇಳ್ತೀನಿ.