ಗ್ಲೈಕಾಲ್ ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದಾ? ಮೈಸೂರು ಹೀಟಿಂಗ್–ಪ್ಲಂಬಿಂಗ್ ಗುಂಪಿನ ಪ್ರಶ್ನೋತ್ತರ

ಅನಿಲ್, ಹೆಬ್ಬಾಳು: ಶಿವರಾಮು ಸರ್, ನಮ್ಮ ಕಂಪನಿ ಲೇಹ್‌ನ ಒಂದು ಗೆಸ್ಟ್ ಹೌಸ್‌ಗೆ ಕಂಟ್ರೋಲ್ ಪ್ಯಾನೆಲ್ ಕೊಟ್ಟಿದೆ. ಬಾಯ್ಲರ್ ನೀರು ಪ್ಲೇಟ್ ಎಕ್ಸ್‌ಚೇಂಜರ್‌ಗೆ ಬರುತ್ತದೆ. ಅದರ ಆಚೆ, ಚಳಿಗೆ ಹೆಪ್ಪುಗಟ್ಟದಿರಲಿ ಅಂತ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದ ನೀರಿನ ಲೂಪ್, ರೂಮುಗಳಲ್ಲಿ ರೇಡಿಯೇಟರ್. ಕೊನೆಯ ಎರಡು ರೂಮು ಬಿಸಿಯೇ ಆಗಲ್ಲ. ಬಾಯ್ಲರ್ ಮಾತ್ರ ಆಗಾಗ ಕಟ್ ಆಗುತ್ತದೆ. ಬೆಳಗಿನ ಜಾವ ಪಂಪ್ ಟ್ರಿಪ್, ಮಧ್ಯಾಹ್ನ ಸರಿ. ತಪ್ಪು ಪ್ಯಾನೆಲ್‌ದೇ ಅಂತ ಎಲ್ಲರೂ ನಮ್ಮ ಮೇಲೆ ಹಾಕುತ್ತಿದ್ದಾರೆ.

ಶಿವರಾಮು, ಹೀಟಿಂಗ್ ಎಂಜಿನಿಯರ್: ಮೊದಲು ಮೂರು ವಿಷಯ ತಿಳಿಸಿ. ಗ್ಲೈಕಾಲ್ ಎಷ್ಟು ಕ್ಯಾನ್ ಸುರಿದರು? ಲೂಪ್‌ನಲ್ಲಿ ಎಷ್ಟು ಲೀಟರ್ ಅಂತ ಲೆಕ್ಕ ಹಾಕಿದ್ದರು? ಮಿಶ್ರಣ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಅಂತ ರಿಫ್ರಾಕ್ಟೋಮೀಟರ್ ತೋರಿಸಿತು?

ರೇಖಾ, ಕುವೆಂಪುನಗರ: ಸರ್, ನಮ್ಮ ಸೋಲಾರ್ ಹೀಟರ್‌ಗೂ ಗ್ಲೈಕಾಲ್ ಹಾಕಿಸಬೇಕಾ? ಡಿಸೆಂಬರ್‌ನಲ್ಲಿ ತುಂಬಾ ಚಳಿ.

ಶಿವರಾಮು: ಬೇಡ ಮೇಡಂ. ಮೈಸೂರಿನಲ್ಲಿ ನೀರು ಹೆಪ್ಪುಗಟ್ಟಲ್ಲ.

ಅನಿಲ್: 20 ಲೀಟರ್‌ನ 9 ಕ್ಯಾನ್ ಸರ್, ಅಂದರೆ 180 ಲೀಟರ್. ಒಟ್ಟು 450 ಲೀಟರ್ ಅಂತ ಲೆಕ್ಕ, 40 ಪರ್ಸೆಂಟ್. ಸೈಟ್ ಹುಡುಗ ಮೀಟರ್ ನೋಡಿ ‘ಮೈನಸ್ 45 ದಾಟಿದೆ, ಸೂಪರ್’ ಅಂದ. ಒಳ್ಳೆಯದೇ ಅಲ್ವಾ?

ಶಿವರಾಮು: ಒಳ್ಳೆಯದಲ್ಲ. 40 ಪರ್ಸೆಂಟ್ ಪ್ರೊಪಿಲೀನ್ ಗ್ಲೈಕಾಲ್ ಆಗಿದ್ದರೆ ಮೈನಸ್ 21–22ರ ಹತ್ತಿರ ತೋರಿಸಬೇಕು. ಮೈನಸ್ 45 ದಾಟಿದೆ ಅಂದರೆ ಮಿಶ್ರಣ ಸುಮಾರು 60 ಪರ್ಸೆಂಟ್ ಇದೆ. ಸುರಿದ ಗ್ಲೈಕಾಲ್ 180 ಲೀಟರ್ ಅನ್ನುವುದು ಖಚಿತ. 180ನ್ನು 0.6ರಿಂದ ಭಾಗಿಸಿ, 300 ಬರುತ್ತದೆ. ಅಂದರೆ ನಿಮ್ಮ ಲೂಪ್‌ನಲ್ಲಿರುವುದು 300 ಲೀಟರ್, 450 ಅಲ್ಲ. ಉಳಿದ 150 ಲೀಟರ್ ಎಲ್ಲಿ ಹೋಯಿತು? ಬಫರ್ ಟ್ಯಾಂಕ್ ಎಷ್ಟರದು, ಪ್ಲೇಟ್‌ನ ಯಾವ ಕಡೆ ಇದೆ?

ಅನಿಲ್: 150 ಲೀಟರ್‌ದು ಸರ್! ಬಾಯ್ಲರ್ ಕಡೆ ಇದೆ.

ಶಿವರಾಮು: ಸಿಕ್ಕಿತಲ್ಲ. ಆ ಟ್ಯಾಂಕ್‌ನಲ್ಲಿರುವುದು ಬರೀ ನೀರು, ಗ್ಲೈಕಾಲ್ ಅದನ್ನು ಮುಟ್ಟುವುದೇ ಇಲ್ಲ. ಕಂಟ್ರಾಕ್ಟರ್ ಅದನ್ನೂ ಸೇರಿಸಿ ಲೆಕ್ಕ ಹಾಕಿದ್ದಾರೆ.

ಇದರಿಂದ ಏನಾಗುತ್ತದೆ ಅಂದರೆ, ಗ್ಲೈಕಾಲ್ ನೀರಿಗಿಂತ ಕಡಿಮೆ ಶಾಖ ಹೊರುತ್ತದೆ. 100 ಲೀಟರ್ ನೀರು ಮಾಡುವ ಕೆಲಸಕ್ಕೆ 60 ಪರ್ಸೆಂಟ್ ಮಿಶ್ರಣ ಸುಮಾರು 115 ಲೀಟರ್ ಓಡಬೇಕು. ಆದರೆ ಅದು ಓಡುವುದೇ ಕಷ್ಟ. 50 ಡಿಗ್ರಿಯಲ್ಲೇ ಅದು ಅಷ್ಟೇ ಬಿಸಿಯ ನೀರಿಗಿಂತ ಐದಾರು ಪಟ್ಟು ಮಂದ. ರಾತ್ರಿ ಲೂಪ್ ತಣ್ಣಗಾದರೆ ಹತ್ತಾರು ಪಟ್ಟು. ಪಂಪ್ ಬೆಳಗಿನ ಜಾವ ಟ್ರಿಪ್ ಆಗಿ ಮಧ್ಯಾಹ್ನ ಸರಿಹೋಗುವುದು ಅದಕ್ಕೇ. ಪ್ಯಾನೆಲ್ ತನ್ನ ಕೆಲಸ ಮಾಡಿದೆ.

ಪ್ಲೇಟ್ ಒಳಗೂ ಅದೇ ಕಥೆ. ಮಂದವಾದ ದ್ರವ ಸುಳಿ ಎಬ್ಬಿಸದೆ ಪದರ ಪದರವಾಗಿ ಜಾರಿಹೋಗುತ್ತದೆ, ತಗಡಿನಿಂದ ಶಾಖ ಎತ್ತಿಕೊಳ್ಳುವುದಿಲ್ಲ. ನೀರಿಗೆ ಅಂತ ಆರಿಸಿದ ಪ್ಲೇಟ್ ಆದರೆ ಮೂರನೇ ಒಂದು ಭಾಗ ಕೆಲಸ ಹೋಯಿತು ಅಂದುಕೊಳ್ಳಿ, ಇನ್ನೂ ಜಾಸ್ತಿ ಇರಬಹುದು. ಬಾಯ್ಲರ್ ನೀರು ಶಾಖ ಬಿಡದೆ ಬಿಸಿಯಾಗಿಯೇ ವಾಪಸ್ ಬರುತ್ತದೆ. ‘ಸಾಕು’ ಅಂತ ಬಾಯ್ಲರ್ ಕಟ್ ಆಗುತ್ತದೆ, ಅತ್ತ ರೂಮು ತಣ್ಣಗೆ. ಖಾತ್ರಿ ಬೇಕಾದರೆ ಪ್ಲೇಟ್‌ನ ನಾಲ್ಕೂ ಬಾಯಿಯ ತಾಪಮಾನ ಬರೆದು ಕಳಿಸಿ.

ಪುಟ್ಟಸ್ವಾಮಿ, ಮಂಡ್ಯ: ಇಷ್ಟೆಲ್ಲಾ ಯಾಕೆ? ಪಂಪ್ ಚಿಕ್ಕದು. ಒಂದು ಸೈಜ್ ದೊಡ್ಡದು ಹಾಕಿದರೆ ಮುಗೀತು. ಫ್ಯಾಕ್ಟರಿಯಲ್ಲಿ ನಾವು ಹಾಗೇ ಮಾಡುತ್ತಿದ್ದೆವು.

ಶಿವರಾಮು: ಅಣ್ಣ, ದೊಡ್ಡ ಪಂಪ್ ಹಾಕಿದರೆ ಕರೆಂಟ್ ಬಿಲ್ ಏರುತ್ತದೆ. ಪ್ಲೇಟ್ ಸರಿಹೋಗಲ್ಲ. ಮೊದಲು ಮಿಶ್ರಣ ಸರಿ ಮಾಡಲಿ.

ಚಂದ್ರು, ಬನ್ನಿಮಂಟಪ: ಫಾರ್ವರ್ಡ್ ಬಂದಿದೆ ನೋಡಿ. ‘ಕಾರ್ ಕೂಲೆಂಟ್ ಸುರಿದರೆ ಅರ್ಧ ಖರ್ಚು.’ ಇನ್ನೊಂದರಲ್ಲಿ ಕಲ್ಲುಪ್ಪು, ಮತ್ತೊಂದರಲ್ಲಿ ಬೆಲ್ಲದ ನೀರು 😀

ಶಿವರಾಮು: ಕಾರ್ ಕೂಲೆಂಟ್ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ವಿಷ. ಪ್ಲೇಟ್ ಸೋರಿ ಸ್ನಾನದ ನೀರಿಗೆ, ಅಡುಗೆ ನೀರಿಗೆ ಸೇರಿದರೆ ಯಾರು ಹೊಣೆ? ಹಲವು ಕೂಲೆಂಟ್‌ಗಳಲ್ಲಿರುವ ಸಿಲಿಕೇಟ್ ಅಂಟಂಟಾಗಿ ಪ್ಲೇಟ್‌ನ ಸಂದಿಗೆ ಕೂರುತ್ತದೆ. ಉಪ್ಪು ಕಬ್ಬಿಣ ತಿನ್ನುತ್ತದೆ. ಬೆಲ್ಲ ಹುಳಿಯುತ್ತದೆ. ಇಂಥವನ್ನು ತಮಾಷೆಗೂ ಇಲ್ಲಿ ಹಾಕಬೇಡಿ, ಯಾರಾದರೂ ನಂಬಿ ಸುರಿದುಬಿಡುತ್ತಾರೆ.

ಅನಿಲ್: ಹಾಗಾದರೆ ಈಗ ಏನು ಮಾಡಲಿ ಸರ್? ಎಲ್ಲಾ ಚೆಲ್ಲಬೇಕಾ?

ಶಿವರಾಮು: ಚೆಲ್ಲಬೇಡಿ. ಲೂಪ್ ಬಿಸಿ ಇರುವಾಗ ಚೆನ್ನಾಗಿ ಓಡಿಸಿ, 100 ಲೀಟರ್ ಇಳಿಸಿ. ಉಳಿದ 200 ಲೀಟರ್‌ನಲ್ಲಿ 120 ಲೀಟರ್ ಗ್ಲೈಕಾಲ್ ಇರುತ್ತದೆ. ಅದಕ್ಕೆ 100 ಲೀಟರ್ ಡಿಮಿನರಲೈಸ್ಡ್ ನೀರು ಸೇರಿಸಿದರೆ 300ಕ್ಕೆ 120, ಸರಿಯಾಗಿ 40 ಪರ್ಸೆಂಟ್. ಬೋರ್‌ವೆಲ್ ನೀರು ಬೇಡ. ಒಂದು ದಿನ ಓಡಿಸಿ ಎರಡು ಕಡೆಯಿಂದ ಸ್ಯಾಂಪಲ್ ತೆಗೆಯಿರಿ, ಎರಡೂ ಒಂದೇ ಬರಬೇಕು. ಮೀಟರ್‌ನಲ್ಲಿ ಎಥಿಲೀನ್‌ಗೆ ಒಂದು ಸ್ಕೇಲ್, ಪ್ರೊಪಿಲೀನ್‌ಗೆ ಇನ್ನೊಂದು ಇರುತ್ತದೆ. ಹುಡುಗ ಯಾವುದನ್ನು ಓದಿದ ಅಂತ ಮರೆಯದೆ ಕೇಳಿ, ಅದು ತಪ್ಪಿದ್ದರೆ ನನ್ನ ಲೆಕ್ಕವೂ ತಪ್ಪು. ಇಳಿಸಿದ ಮಾಲನ್ನು ಕ್ಯಾನ್‌ನಲ್ಲಿ ಮುಚ್ಚಿಡಿ, ಮುಂದೆ ಟಾಪ್‌ಅಪ್‌ಗೆ ಆಗುತ್ತದೆ.

ಚಂದ್ರು: ಲೇಹ್‌ನಲ್ಲಿ ಮೈನಸ್ 20 ದಾಟುತ್ತೆ. 40 ಸಾಲಲ್ಲ, 50 ಇರಲಿ.

ಶಿವರಾಮು: ಮೈನಸ್ 22ಕ್ಕೆ ಪೈಪ್ ಒಡೆಯಲ್ಲ. ಅಲ್ಲಿ ಹರಳು ಕಟ್ಟಲು ಶುರುವಾಗುತ್ತದೆ, ಅಷ್ಟೇ. ಗಂಜಿಯಂತಾದ ಮಿಶ್ರಣಕ್ಕೆ ಸರಿಯಲು ಜಾಗವಿದ್ದರೆ ಪೈಪಿಗೆ ಏಟು ಬೀಳಲ್ಲ. ಒಡೆಯುವ ಹಂತ ಇನ್ನೂ ಕೆಳಗಿದೆ. ಇದು ಜನ ವಾಸವಿರುವ ಕಟ್ಟಡದ ಒಳಗಿನ ಲೂಪ್, ನನ್ನ ಮತ 40ಕ್ಕೇ.

ಚಂದ್ರು: ಚಳಿಗಾಲದಲ್ಲಿ ಬೀಗ ಹಾಕಿ ಹೋದರೆ? ಗಂಜಿ ಆದ ಮೇಲೆ ಪಂಪ್ ತಿರುಗುತ್ತಾ?

ಪುಟ್ಟಸ್ವಾಮಿ: ತಿರುಗಲ್ಲ. ಅದಕ್ಕೇ ದೊಡ್ಡ ಪಂಪ್ ಅಂದಿದ್ದು.

ಚಂದ್ರು: ಪುಟ್ಟಸ್ವಾಮಿಯವರೇ, ಗಂಜಿಗೆ ಯಾವ ಪಂಪೂ ಆಗಲ್ಲ. ಎಲ್ಲದಕ್ಕೂ ಅದೊಂದೇ ಉತ್ತರಾನಾ?

ಪುಟ್ಟಸ್ವಾಮಿ: ನೀವು ಎಷ್ಟು ಪಂಪ್ ಬಿಚ್ಚಿದ್ದೀರಿ ಸ್ವಾಮಿ? ಫಾರ್ವರ್ಡ್ ಬಿಟ್ಟು ಬೇರೆ ಏನಾದರೂ ಹಾಕಿದ್ದೀರಾ?

ರವಿ, ಮದ್ದೂರು: ನಮ್ಮ ಡೈರಿ ಚಿಲ್ಲರ್‌ನಲ್ಲೂ ಗ್ಲೈಕಾಲ್ ಇದೆ. ಎಷ್ಟು ವರ್ಷಕ್ಕೆ ಬದಲಿಸಬೇಕು?

ಸುಮಾ, ಗೋಕುಲಂ: ಸೋಲಾರ್ ಹೀಟರ್‌ಗೆ ಗ್ಲೈಕಾಲ್ ಹಾಕಬಹುದಾ ಸರ್?

ಶಿವರಾಮು: ಮೇಲೆ ಓದಿ.

ಪುಟ್ಟಸ್ವಾಮಿ ಅಣ್ಣನ ಮಾತಿನಲ್ಲಿ ಅರ್ಧ ನಿಜ ಇದೆ, ಅದನ್ನೂ ಹೇಳಿಬಿಡುತ್ತೇನೆ. 40 ಪರ್ಸೆಂಟ್‌ಗೆ ಇಳಿಸಿದರೂ ಅಷ್ಟೇ ಶಾಖ ತಲುಪಿಸಲು ಹರಿವು ಶೇಕಡ 7ರಷ್ಟು ಜಾಸ್ತಿ ಬೇಕು. ಪೈಪ್‌ನ ತಡೆ ನೀರಿನ ಲೆಕ್ಕಕ್ಕಿಂತ ಒಂದೂವರೆ ಪಟ್ಟು ಹತ್ತಿರ ಹೋಗುತ್ತದೆ. ನೀರಿನ ಕರ್ವ್ ನೋಡಿ ಆರಿಸಿದ ಪಂಪ್ ಆದರೆ ಆಗಲೂ ಸಾಲದೇ ಹೋಗಬಹುದು. ಚಂದ್ರು, ಬೀಗ ಹಾಕಿ ಹೋಗುವ ಮನೆಯಾದರೆ ನಿಮ್ಮ ಪ್ರಶ್ನೆಗೆ ತೂಕ ಇದೆ. ಆಗ 45ರ ತನಕ ಒಪ್ಪುತ್ತೇನೆ, 50 ಬೇಡ.

ಚಂದ್ರು: ನಾನಾದರೆ 50 ಹಾಕುತ್ತೇನೆ.

ಶಿವರಾಮು: ನಿಮ್ಮ ಸೈಟ್‌ನಲ್ಲಿ ಹಾಕಿ.

ಅನಿಲ್: ಸರ್, ನಾಲ್ಕು ದಿನ ಆಯಿತು. ಹುಡುಗ ಓದಿದ್ದು ಪ್ರೊಪಿಲೀನ್ ಸ್ಕೇಲೇ. 100 ಲೀಟರ್ ಇಳಿಸಿ ನೀರು ತುಂಬಿದರು. ಎರಡೂ ಸ್ಯಾಂಪಲ್ ಮೈನಸ್ 22. ಕೊನೆಯ ರೂಮುಗಳು ಈಗ ಬಿಸಿ. ಬಾಯ್ಲರ್ ಬಿಟ್ಟೂಬಿಡದೆ ಓಡುತ್ತಿದೆ. ಪಂಪ್ ಮಾತ್ರ ಒಂದು ಬೆಳಿಗ್ಗೆ ಮತ್ತೆ ಟ್ರಿಪ್ ಆಯಿತು. ಸೇಫ್ಟಿ ವಾಲ್ವ್ ಮಧ್ಯಾಹ್ನ ಹನಿಯುತ್ತದೆ, ನಲ್ಲಿ ನೀರು ತುಂಬಿಸಿ ಅಂತ ಕಂಟ್ರಾಕ್ಟರ್ ಅನ್ನುತ್ತಾರೆ.

ಪುಟ್ಟಸ್ವಾಮಿ: ಪಂಪ್!

ಶಿವರಾಮು: ರಾತ್ರಿ ಪಂಪ್ ನಿಲ್ಲಿಸಬೇಡಿ, ಕಡಿಮೆ ಸ್ಪೀಡ್‌ನಲ್ಲಿ ಓಡುತ್ತಿರಲಿ. ಆಮೇಲೂ ಟ್ರಿಪ್ ಆದರೆ ಪಂಪ್ ಕರ್ವ್ ಕಳಿಸಿ, ಅಣ್ಣನ ಮಾತು ನೋಡೋಣ.

ನಲ್ಲಿ ನೀರು ಮಾತ್ರ ತುಂಬಿಸಲು ಬಿಡಬೇಡಿ. 10ರಿಂದ 70 ಡಿಗ್ರಿಗೆ ಕಾಯುವಾಗ ನೀರು ಶೇಕಡ 2ರಷ್ಟು ಹಿಗ್ಗಿದರೆ ಈ ಮಿಶ್ರಣ 4ರ ಹತ್ತಿರ ಹಿಗ್ಗುತ್ತದೆ. 300 ಲೀಟರ್‌ಗೆ ಅದು 12 ಲೀಟರ್ ತನಕ. ಎಕ್ಸ್‌ಪಾನ್ಷನ್ ಟ್ಯಾಂಕ್ ನೀರಿನ ಲೆಕ್ಕದ್ದಾಗಿದ್ದರೆ ವಾಲ್ವ್ ಹನಿಯಲೇಬೇಕು. ಹೊರಗೆ ಹೋಗುವುದು ಗ್ಲೈಕಾಲ್, ಒಳಗೆ ಬರುವುದು ನೀರು. ಹೀಗೇ ನಡೆದರೆ ಮುಂದಿನ ಜನವರಿಗೆ 40 ಉಳಿದಿರಲ್ಲ. ಟ್ಯಾಂಕ್ ಎಷ್ಟು ಲೀಟರ್‌ದು, ಅದರ ಗಾಳಿ ಒತ್ತಡ ಎಷ್ಟು ಅಂತ ನೋಡಿಸಿ.

ರವಿ, ಮದ್ದೂರು: ಸರ್, ನನ್ನ ಚಿಲ್ಲರ್?

ಅನಿಲ್: ಟ್ಯಾಂಕ್ ಮೇಲಿನ ಸ್ಟಿಕ್ಕರ್ ಹರಿದಿದೆಯಂತೆ ಸರ್. ನಾಳೆ ಅಳತೆ ತೆಗೆಸುತ್ತೇನೆ.